ಬ್ಲ್ಯಾಕ್‌ಔಟ್ ಕರ್ಟನ್ ಹಾಕಿದರೂ ಬೀದಿ ದೀಪದ ಬೆಳಕು ಒಳಗೆ ಬರುವುದೇಕೆ?

‘ಬೀದಿ ದೀಪದ ಬೆಳಕಿನಲ್ಲಿ ಮಲಗಿದರೆ ಮೆಲಟೋನಿನ್ ನಿಂತುಹೋಗುತ್ತದೆ, ಕ್ಯಾನ್ಸರ್ ಬರುತ್ತದೆ’ ಎಂಬ ಅರ್ಥದ ಸಂದೇಶಗಳು ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಕೊನೆಯಲ್ಲಿ ಬ್ಲ್ಯಾಕ್‌ಔಟ್ ಕರ್ಟನ್‌ನ ಲಿಂಕ್ ಕೂಡ ಇರುತ್ತದೆ. ಇದರಲ್ಲಿ ನಿಜವೆಷ್ಟು?

ಕ್ಯಾನ್ಸರ್ ಮಾತು ಎಲ್ಲಿಂದ ಬಂತು ಎಂದು ಮೊದಲು ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2007ರಲ್ಲಿ, ಮತ್ತೆ 2019ರಲ್ಲಿ, ‘ಬಹುಶಃ ಕ್ಯಾನ್ಸರ್‌ಕಾರಕ’ ಪಟ್ಟಿಗೆ ಸೇರಿಸಿದ್ದು ರಾತ್ರಿ ಪಾಳಿಯ ಕೆಲಸವನ್ನು. ಕಿಟಕಿಯಾಚೆಯ ದೀಪವನ್ನಲ್ಲ. ಇವೆರಡನ್ನೂ ಒಂದೇ ಎಂದು ಹೇಳಿದ್ದು ಫಾರ್ವರ್ಡ್ ಬರೆದವರು.

ಹಾಗೆಂದು ಬೆಳಕಿನಿಂದ ಏನೂ ಆಗುವುದಿಲ್ಲ ಎಂದಲ್ಲ. 2022ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 20 ಮಂದಿ ಆರೋಗ್ಯವಂತ ಯುವಜನರನ್ನು ಪರೀಕ್ಷಿಸಿದರು. ಅರ್ಧದಷ್ಟು ಮಂದಿ ಒಂದು ರಾತ್ರಿ 100 ಲಕ್ಸ್ ಬೆಳಕಿನಲ್ಲಿ ಮಲಗಿದರು. ಅವರ ಹೃದಯ ಬಡಿತ ಹೆಚ್ಚಿತ್ತು, ಬೆಳಗ್ಗೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲಿಲ್ಲ. ಆದರೆ ಎರಡೂ ಗುಂಪುಗಳ ಮೆಲಟೋನಿನ್ ಮಟ್ಟ ಹೆಚ್ಚುಕಡಿಮೆ ಒಂದೇ ಆಗಿತ್ತು! ಅಂದರೆ, ಫಾರ್ವರ್ಡ್ ಹೇಳುವ ಕಾರಣವೇ ಅಲ್ಲಿ ಕಾಣಲಿಲ್ಲ. ಇದು ಚಿಕ್ಕ ಅಧ್ಯಯನ, ಒಂದೇ ರಾತ್ರಿಯದ್ದು. 100 ಲಕ್ಸ್ ಎಂದರೆ ಕೋಣೆಯ ದೀಪ ಹಾಕಿಯೇ ಮಲಗಿದಂತೆ. ಪರದೆ ದಾಟಿ ಬರುವ ಬೀದಿ ಬೆಳಕು ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಡಿಮೆ. ಮಲಗುವಾಗ ಕಣ್ಣಿನ ಬಳಿ 1 ಲಕ್ಸ್‌ಗಿಂತ ಹೆಚ್ಚು ಬೆಳಕು ಬೇಡ ಎಂಬುದು ಈ ಕ್ಷೇತ್ರದ ತಜ್ಞರು 2022ರಲ್ಲೇ ಕೊಟ್ಟ ಸಲಹೆ.

ಬೆಂಗಳೂರಿನಲ್ಲಿರುವ ನಮ್ಮ ಸಹೋದ್ಯೋಗಿಯೊಬ್ಬರ ಮನೆ ಎರಡನೇ ಮಹಡಿಯಲ್ಲಿದೆ. ಕಂಬದ ಎಲ್‌ಇಡಿ ದೀಪ ಸರಿಯಾಗಿ ಕಿಟಕಿಯ ಎತ್ತರಕ್ಕೇ ಇದೆ. ಅವರು ದುಬಾರಿ ಕರ್ಟನ್ ತಂದರೂ ಕೋಣೆ ಕತ್ತಲಾಗಲಿಲ್ಲ. ಬಟ್ಟೆಯೇ ಮೋಸ ಎಂದುಕೊಂಡರು. ಬಟ್ಟೆಯ ಹಿಂದೆ ಮೊಬೈಲ್ ಟಾರ್ಚ್ ಹಿಡಿದು ನೋಡಿದೆವು: ಬೆಳಕು ತೂರಿ ಬರಲಿಲ್ಲ. ಬಟ್ಟೆ ಚೆನ್ನಾಗಿಯೇ ಇತ್ತು.

ರಾತ್ರಿ 11ಕ್ಕೆ ಎಲ್ಲ ದೀಪ ಆರಿಸಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ ಎಂದು 20 ನಿಮಿಷ ಕಾದೆವು. ಆಗ ವಿಷಯ ಗೊತ್ತಾಯಿತು. ಸೀಲಿಂಗ್ ಮೇಲೆ ಅಗಲವಾದ ಬಿಳಿ ಪಟ್ಟಿ, ಎರಡೂ ಬದಿಯ ಗೋಡೆಗಳಲ್ಲಿ ಸಣ್ಣ ಗೆರೆಗಳು. ಕರ್ಟನ್ ರಾಡ್ ಗೋಡೆಯಿಂದ ಮೂರ್ನಾಲ್ಕು ಇಂಚು ಮುಂದಿತ್ತು. ಆ ಸಂದಿನಿಂದ ಬೆಳಕು ಮೇಲಕ್ಕೆ ಹೋಗಿ, ಬಿಳಿ ಸೀಲಿಂಗ್‌ಗೆ ಬಡಿದು, ಇಡೀ ಕೋಣೆಗೆ ಹರಡುತ್ತಿತ್ತು. ಬೇರೆ ಹೊಸ ಕರ್ಟನ್ ಬೇಕಾಗಲಿಲ್ಲ. ರಾಡ್ ಅನ್ನು ಅರ್ಧ ಅಡಿ ಮೇಲೇರಿಸಿ, ಕಿಟಕಿಯ ಎರಡೂ ಬದಿಗೆ ಅರ್ಧ ಅಡಿ ಉದ್ದ ಮಾಡಿ, ಪರದೆಯ ಅಂಚುಗಳನ್ನು ವೆಲ್ಕ್ರೋ ಪಟ್ಟಿಯಿಂದ ಗೋಡೆಗೆ ಅಂಟಿಸಿದರು. ಸೀಲಿಂಗ್ ಮೇಲಿನ ಪಟ್ಟಿ ಬಹುತೇಕ ಮಾಯವಾಯಿತು. (ಅಳೆಯಲು ಮೊಬೈಲ್‌ನ ಲಕ್ಸ್ ಆ್ಯಪ್ ನಂಬಬೇಡಿ. ಇಷ್ಟು ಮಂದ ಬೆಳಕಿನಲ್ಲಿ ಅನೇಕ ಫೋನ್‌ಗಳು ಸೊನ್ನೆ ತೋರಿಸಿಬಿಡುತ್ತವೆ. ಸೀಲಿಂಗ್ ನೋಡುವುದೇ ವಾಸಿ.)

ಆದರೆ ಕತ್ತಲಾದ ಮೇಲೆ ಬೇರೆ ತಕರಾರು ಶುರುವಾಯಿತು. ಒಂದೇ ಕೋಣೆಯಲ್ಲಿ ನಾಲ್ವರು. ಗಾಳಿ ಬರುವುದಿಲ್ಲ ಎಂದು ಅಪ್ಪ. ರಾತ್ರಿ ಬಾತ್‌ರೂಮಿಗೆ ಎದ್ದಾಗ ದಾರಿ ಕಾಣದು ಎಂದು ಅಜ್ಜಿ. ಅಜ್ಜಿಯ ಮಾತು ಗಂಭೀರ. ಈ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿಯುವುದು ಬೀದಿ ಬೆಳಕಿಗಿಂತ ದೊಡ್ಡ ಅಪಾಯ. ಮಂಚದಿಂದ ಬಾತ್‌ರೂಮಿನವರೆಗೆ ನೆಲದ ಮಟ್ಟದಲ್ಲಿ, ಮಲಗಿದವರ ಕಣ್ಣಿಗೆ ಬೀಳದಂತೆ, ಒಂದು ಮಂದ ಹಳದಿ ಅಥವಾ ಕೆಂಪು ದೀಪ ಇಟ್ಟರೆ ಸಾಕು. ಆ ಬಣ್ಣಗಳು ನಮ್ಮ ದೇಹದ ಗಡಿಯಾರವನ್ನು ನೀಲಿ ಅಂಶವಿರುವ ಬಿಳಿ ಬೆಳಕಿನಷ್ಟು ಕದಲಿಸುವುದಿಲ್ಲ.

ಅಪ್ಪನಿಗೆ ಸ್ಲೀಪ್ ಮಾಸ್ಕ್ ಕೊಟ್ಟರು. ಸೆಕೆಗಾಲದಲ್ಲಿ ಕಿಟಕಿ, ಪರದೆ ಎರಡನ್ನೂ ತೆರೆದಿಟ್ಟು ಮಲಗುವ ಮನೆಗಳಿಗೆ ನಮ್ಮ ಪ್ರಕಾರ ಕರ್ಟನ್‌ಗಿಂತ ಇದೇ ಮೇಲು, ಅಗ್ಗ ಕೂಡ. ಚಪ್ಪಟೆ ಮಾಸ್ಕ್‌ನಲ್ಲಿ ಮೂಗಿನ ಪಕ್ಕ ಬೆಳಕು ನುಸುಳುತ್ತದೆ, ರೆಪ್ಪೆಗೆ ಒತ್ತುತ್ತದೆ. ಕಣ್ಣಿನ ಜಾಗದಲ್ಲಿ ಗುಳಿಯಿರುವುದನ್ನು ಕೊಳ್ಳಿ. ಬೆಳಗ್ಗೆ ಕೆಲಹೊತ್ತು ಕಣ್ಣು ಮಂಜಾದರೆ ಪಟ್ಟಿ ಬಿಗಿಯಾಗಿದೆ ಎಂದರ್ಥ. ಗ್ಲಾಕೋಮಾ ಇರುವವರು, ಕಣ್ಣಿನ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳಿಯೇ ಹಾಕಿಕೊಳ್ಳಲಿ. ಚಿಕ್ಕ ಮಕ್ಕಳಿಗಂತೂ ಬೇಡ, ಎಲಾಸ್ಟಿಕ್ ಕುತ್ತಿಗೆಗೆ ಜಾರಬಹುದು.

ಇನ್ನು ಕಂಬದ ದೀಪ. ಅದನ್ನು ಆರಿಸಿ ಎಂದು ದೂರು ಕೊಟ್ಟರೆ ರಾತ್ರಿ ಕೆಲಸ ಮುಗಿಸಿ ಬರುವ ಹೆಣ್ಣುಮಕ್ಕಳಿಗೆ ಕಷ್ಟ. ಕಂಬದ ಸಂಖ್ಯೆ, ಕಿಟಕಿಯಿಂದ ತೆಗೆದ ಫೋಟೋ ಸಮೇತ ಸ್ಥಳೀಯ ಸಂಸ್ಥೆಗೆ ಬರೆದು, ದೀಪವನ್ನು ರಸ್ತೆಯ ಕಡೆಗೆ ಬಾಗಿಸಲು ಅಥವಾ ಮನೆಯ ಬದಿಗೆ ಮರೆ ತಗಡು ಹಾಕಲು ಕೇಳಿ. ನಮ್ಮ ಸಹೋದ್ಯೋಗಿ ಬರೆದಿದ್ದಾರೆ, ಉತ್ತರ ಇನ್ನೂ ಬಂದಿಲ್ಲ.