ಮೇಲ್‌ನಲ್ಲಿ ಚಿತ್ರ ಕಾಣದಿದ್ದರೆ ಕಾಣದೇ ಇರಲಿ

ಪಕ್ಕದ ರೂಮಿನ ಹುಡುಗ ಒಬ್ಬ ಕಳೆದ ತಿಂಗಳು ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಹತ್ತಿರ ಬಂದ. ಇಲ್ಲೇ ಜುಬೈಲ್‌ನಲ್ಲಿ ಸ್ಟೋರ್‌ಕೀಪರ್. ಒಂದು ವರ್ಷದಿಂದ ಬೇರೆ ಕೆಲಸ ಹುಡುಕುತ್ತಿದ್ದಾನೆ, ಸಿಕ್ಕಿದ ಸೈಟಿಗೆಲ್ಲ ಬಯೋಡೇಟಾ ಹಾಕಿದ್ದಾನೆ. ಒಂದು ದೊಡ್ಡ ತೈಲ ಕಂಪನಿಯ ಹೆಸರಿನಲ್ಲಿ ಅವನಿಗೆ ಎರಡು ಮೇಲ್ ಬಂದಿತ್ತು. ಮೊದಲನೆಯದರಲ್ಲಿ ಆಫರ್ ಲೆಟರ್. ಅದಕ್ಕೆ ಅವನು ಉತ್ತರ ಕೊಟ್ಟಿರಲಿಲ್ಲ. ಮಾರನೇ ದಿನ ಎರಡನೆಯದು ಬಂತು: ನೀವು ನಿನ್ನೆ ರಾತ್ರಿ ನಮ್ಮ ಪತ್ರ ತೆರೆದು ಓದಿದ್ದೀರಿ, ಆದರೆ ಉತ್ತರಿಸಿಲ್ಲ, ಎರಡು ದಿನದೊಳಗೆ ವೀಸಾ ಫೈಲ್ ಮಾಡಲು 850 ರಿಯಾಲ್ ಕಳಿಸದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ.

"ಕಾಕಾ, ನಾನು ಓದಿದ್ದು ಅವರಿಗೆ ಹೇಗೆ ಗೊತ್ತಾಯ್ತು? ಅಷ್ಟು ಸಿಸ್ಟಮ್ ಇದೆ ಅಂದ್ರೆ ಕಂಪನಿ ನಿಜವೇ ಇರ್ಬೇಕಲ್ಲ?" ಅಂತ ಕೇಳಿದ.

ನನಗೆ ಹೆದರಿಕೆಯಾದದ್ದು ಈ ಮಾತಿಗೆ. ಲೋಗೋ ನೋಡಿ ಮೋಸ ಹೋಗುವವರನ್ನು ನೋಡಿದ್ದೇನೆ. ಇವನು ನಂಬಿದ್ದು ಲೋಗೋವನ್ನಲ್ಲ, ತಾನು ಮೇಲ್ ತೆರೆದದ್ದು ಅವರಿಗೆ ತಿಳಿದಿದೆ ಎಂಬುದನ್ನು. ಅದನ್ನು ಅವರಿಗೆ ತಿಳಿಸಿದ್ದು ಅವನೇ, ಒಂದು ಕ್ಲಿಕ್‌ನಲ್ಲಿ.

ಅವನು ಮೇಲ್ ನೋಡುವುದು ಔಟ್‌ಲುಕ್‌ನಲ್ಲಿ. ಮೊದಲ ಮೇಲ್ ತೆರೆದಾಗ ಚಿತ್ರ ಇರಬೇಕಾದ ಕಡೆ ಖಾಲಿ ಚೌಕಗಳು, ಮೇಲೆ ಒಂದು ಸಾಲು ಸೂಚನೆ. ಮೇಲ್ ಸರಿಯಾಗಿ ಬಂದಿಲ್ಲ ಎಂದುಕೊಂಡು, ಚಿತ್ರ ತೋರಿಸು ಎನ್ನುವುದನ್ನು ಒತ್ತಿದ. ಲೋಗೋ ಬಂತು, ಸೀಲು ಬಂತು, ಸಹಿಯೂ ಬಂತು. ಅವನ ಕಣ್ಣಿಗೆ ಕಾಣದ ಇನ್ನೊಂದು ಚಿತ್ರವೂ ಬಂತು. ಆ ಮೇಲ್‌ನ ಒಳಗಿನ ಸೋರ್ಸ್ ತೆಗೆದು ನೋಡಿದಾಗ ಕೊನೆಯಲ್ಲಿ ಇಂಥ ಒಂದು ಸಾಲು ಇತ್ತು. ಸೈಟಿನ ಹೆಸರು ಮತ್ತು ನಂಬರ್ ಮಾತ್ರ ಬದಲಿಸಿದ್ದೇನೆ:

```
<img src="https://example.com/o.gif?id=48213" width="1" height="1">
```

ಉದ್ದ ಒಂದು ಚುಕ್ಕೆ, ಅಗಲ ಒಂದು ಚುಕ್ಕೆ. ಪರದೆಯ ಮೇಲೆ ಇದು ಯಾರಿಗೂ ಕಾಣುವುದಿಲ್ಲ, ಕಾಣಲಿ ಎಂದು ಹಾಕಿದ್ದೂ ಅಲ್ಲ. 48213 ಎನ್ನುವುದು ಈ ಹುಡುಗನ ವಿಳಾಸಕ್ಕೆ ಮಾತ್ರ ಕೊಟ್ಟ ನಂಬರ್. ಬೇರೆಯವನಿಗೆ ಹೋದ ಮೇಲ್‌ನಲ್ಲಿ ಬೇರೆ ನಂಬರ್ ಇರುತ್ತದೆ. ಚಿತ್ರ ಮೇಲ್‌ನ ಒಳಗಿಲ್ಲ, ಕಳಿಸಿದವನ ಸರ್ವರ್‌ನಲ್ಲಿದೆ. ತೋರಿಸು ಎಂದು ಒತ್ತಿದ ಕೂಡಲೇ ನಮ್ಮ ಕಂಪ್ಯೂಟರ್ ಅಲ್ಲಿಗೆ ಹೋಗಿ '48213ರ ಚಿತ್ರ ಕೊಡು' ಎಂದು ಕೇಳುತ್ತದೆ. ಆ ಸರ್ವರ್ ಅಷ್ಟನ್ನು ಬರೆದಿಟ್ಟುಕೊಳ್ಳುತ್ತದೆ: ಯಾವ ನಂಬರ್, ಎಷ್ಟು ಗಂಟೆಗೆ, ಯಾವ ಐಪಿ ವಿಳಾಸದಿಂದ, ಯಾವ ಬಗೆಯ ಪ್ರೋಗ್ರಾಂನಿಂದ. ಐಪಿ ವಿಳಾಸದಿಂದ ದೇಶ ತಿಳಿಯುತ್ತದೆ, ಕೆಲವೊಮ್ಮೆ ಊರೂ ತಿಳಿಯುತ್ತದೆ.

ಊರಿನಲ್ಲಿ ರಿಜಿಸ್ಟರ್ ಪೋಸ್ಟ್ ಬಂದಾಗ ಪೋಸ್ಟ್‌ಮ್ಯಾನ್ ಒಂದು ಅಕ್ನಾಲೆಜ್‌ಮೆಂಟ್ ಕಾರ್ಡಿಗೆ ಸಹಿ ಹಾಕಿಸಿಕೊಂಡು ಅದನ್ನು ಕಳಿಸಿದವರಿಗೆ ವಾಪಸ್ ಮಾಡುತ್ತಿದ್ದದ್ದು ಹಿರಿಯರಿಗೆ ನೆನಪಿರಬಹುದು. ಇದೂ ಅದೇ ಕಾರ್ಡು. ಆದರೆ ಇಲ್ಲಿ ಸಹಿ ಹಾಕುತ್ತಿದ್ದೇನೆ ಎಂದು ನಮಗೆ ಗೊತ್ತಿರುವುದಿಲ್ಲ. ವಾಟ್ಸಾಪ್‌ನ ನೀಲಿ ಟಿಕ್ ಬೇಡ ಎಂದು ಆಫ್ ಮಾಡಿಟ್ಟುಕೊಳ್ಳುವವರು ಮೇಲ್‌ನಲ್ಲಿ ಇದಕ್ಕೆ ಒಪ್ಪಿಗೆ ಕೊಡುತ್ತಾ ಹೋಗುತ್ತಾರೆ.

ಮೋಸ ಮಾಡುವವನಿಗೆ ಈ ಕಾರ್ಡು ದೊಡ್ಡ ಲಾಭ. ಅವನು ಸಾವಿರಾರು ವಿಳಾಸಕ್ಕೆ ಮೇಲ್ ಕಳಿಸಿರುತ್ತಾನೆ, ಅದರಲ್ಲಿ ಎಷ್ಟೋ ಸತ್ತ ವಿಳಾಸಗಳು. ಚಿತ್ರ ತೆರೆದವನು ಜೀವಂತ ಇದ್ದಾನೆ, ಓದುತ್ತಾನೆ, ಆಸೆಯೂ ಇದೆ. ಮುಂದಿನ ಮೇಲ್ ಅವನಿಗೇ.

ಹಾಗೆಂದು ಇಲ್ಲದ ಹೆದರಿಕೆಯನ್ನೂ ಹುಟ್ಟಿಸಬಾರದು. ಚಿತ್ರ ತೆರೆದ ಮಾತ್ರಕ್ಕೆ ಪಾಸ್‌ವರ್ಡ್ ಹೋಗುವುದಿಲ್ಲ, ಬ್ಯಾಂಕಿನ ಹಣ ಹೋಗುವುದಿಲ್ಲ, ಫೋನಿನಲ್ಲಿರುವ ಫೋಟೋ ಹೋಗುವುದಿಲ್ಲ. ಚಿತ್ರದ ಮೂಲಕ ವೈರಸ್ ನುಗ್ಗುವುದು ಅಪರೂಪ, ಆದರೆ ಆಗದ್ದಲ್ಲ. 2023ರ ಸೆಪ್ಟೆಂಬರ್‌ನಲ್ಲಿ ವೆಬ್‌ಪಿ ಎಂಬ ಚಿತ್ರದ ನಮೂನೆಯನ್ನು ಓದುವ ಪ್ರೋಗ್ರಾಂನಲ್ಲೇ ದೋಷ ಸಿಕ್ಕಿ ಗೂಗಲ್ ತುರ್ತಾಗಿ ಕ್ರೋಮ್ ಅಪ್‌ಡೇಟ್ ಬಿಡಬೇಕಾಯಿತು. ಫೋನ್ ಅಪ್‌ಡೇಟ್ ಕೇಳಿದಾಗ ನಾಳೆ ನಾಳೆ ಎಂದು ಮುಂದೂಡುವವರು ಇದನ್ನು ಗಮನಿಸಲಿ. ಹಣ ಹೋಗುವುದು ಹೆಚ್ಚಾಗಿ ಆಮೇಲೆ ಬರುವ ಲಿಂಕಿನಿಂದ, ಅಥವಾ ನಾವೇ ಕೈಯಾರೆ ಕಳಿಸುವುದರಿಂದ.

"ನನ್ನ ಜಿಮೇಲ್‌ನಲ್ಲಿ ಚಿತ್ರ ತನ್ನಷ್ಟಕ್ಕೇ ಬರ್ತದಲ್ಲ" ಎನ್ನುವವರು ತುಂಬಾ ಜನ. ನಿಜ. 2013ರ ಡಿಸೆಂಬರ್‌ನಿಂದ ಜಿಮೇಲ್ ಚಿತ್ರಗಳನ್ನು ನೇರ ತೋರಿಸುತ್ತದೆ, ಆದರೆ ತನ್ನ ಸರ್ವರ್ ಮೂಲಕ ತರಿಸಿಕೊಂಡು. ಕಳಿಸಿದವನಿಗೆ ಕಾಣುವುದು ಗೂಗಲ್‌ನ ಐಪಿ ವಿಳಾಸ, ನಮ್ಮದಲ್ಲ. ನಾವಿರುವ ಜಾಗ ಗೊತ್ತಾಗುವುದಿಲ್ಲ. ಆದರೆ ನಮ್ಮ ನಂಬರಿನ ಚಿತ್ರ ಕೇಳಿ ಬಂತು ಎಂಬುದು ಗೊತ್ತಾಗುತ್ತದೆ. ಅಂದರೆ ಕಾರ್ಡು ವಾಪಸ್ ಹೋಗುತ್ತದೆ, ಮನೆ ವಿಳಾಸ ಮಾತ್ರ ಅಳಿಸಿರುತ್ತದೆ. ಐಫೋನಿನ ಮೇಲ್ ಆ್ಯಪ್‌ನಲ್ಲಿ 2021ರಿಂದ ಇನ್ನೊಂದು ಉಪಾಯ ಇದೆ. ಅದನ್ನು ಆನ್ ಮಾಡಿದ್ದರೆ ನಾವು ಓದಲಿ, ಬಿಡಲಿ, ಫೋನು ಚಿತ್ರಗಳನ್ನು ಹಿಂದಿನಿಂದಲೇ ತರಿಸಿಡುತ್ತದೆ. ಹಾಗಾಗಿ ಯಾವಾಗ ಓದಿದರು ಎಂಬ ಲೆಕ್ಕವೇ ಕೆಟ್ಟು ಹೋಗುತ್ತದೆ.

ಕೆಲಸ ಹುಡುಕುತ್ತಿರುವವರು ಜಿಮೇಲ್‌ನಲ್ಲೂ ಚಿತ್ರ ತಾನಾಗಿ ಬರುವುದನ್ನು ನಿಲ್ಲಿಸಬೇಕು ಎನ್ನುವುದು ನನ್ನ ಅಭಿಪ್ರಾಯ. ಸೆಟ್ಟಿಂಗ್ಸ್‌ಗೆ ಹೋಗಿ ನಿಮ್ಮ ಅಕೌಂಟ್ ಒತ್ತಿ, Images ಎಂಬಲ್ಲಿ Ask before displaying external images ಎನ್ನುವುದನ್ನು ಆರಿಸಿದರೆ ಆಯಿತು. ಆಮೇಲೆ ಪ್ರತಿ ಮೇಲ್‌ಗೂ ಒಂದು ಒತ್ತು ಜಾಸ್ತಿ, ಅಷ್ಟೇ.

ಹಾಗಾದರೆ ಯಾವಾಗ ಒತ್ತಬಹುದು? ನಾವು ಕಾಯುತ್ತಿದ್ದ ಮೇಲ್ ಆಗಿದ್ದರೆ, ಮತ್ತು ಕಳಿಸಿದ ವಿಳಾಸ ಸರಿ ಇದ್ದರೆ. ಹತ್ತು ನಿಮಿಷದ ಹಿಂದೆ ಮಂಗಳೂರಿಗೆ ಟಿಕೆಟ್ ಮಾಡಿದ್ದೀರಿ, ಏರ್‌ಲೈನ್‌ನ ವಿಳಾಸದಿಂದ ಬುಕಿಂಗ್ ನಂಬರ್ ಇರುವ ಮೇಲ್ ಬಂತು. ಧಾರಾಳವಾಗಿ ಒತ್ತಿ. ವಿಳಾಸ ನೋಡುವಾಗ ಮೇಲೆ ಕಾಣುವ ಹೆಸರನ್ನು ನಂಬಬೇಡಿ, ಅದರ ಮೇಲೆ ಒತ್ತಿ @ ಚಿಹ್ನೆಯ ನಂತರ ಏನಿದೆ ಎಂದು ಅಕ್ಷರ ಅಕ್ಷರ ಓದಿ. ಮನೆಯವರು ಮಗಳ ಮಾರ್ಕ್ಸ್ ಕಾರ್ಡ್ ಫೋಟೋ ಅಟ್ಯಾಚ್ ಮಾಡಿ ಕಳಿಸಿದರೆ ಅದರ ವಿಷಯವೇ ಬೇರೆ. ಆ ಚಿತ್ರ ಮೇಲ್‌ನ ಜೊತೆಯಲ್ಲೇ ಬಂದಿದೆ, ತೆರೆದರೆ ಯಾರಿಗೂ ಸುದ್ದಿ ಹೋಗುವುದಿಲ್ಲ. ಆದರೆ ಗುರುತಿಲ್ಲದವರ ಅಟ್ಯಾಚ್‌ಮೆಂಟ್ ತೆರೆಯಬಾರದು.

ಚಿತ್ರ ತೆರೆಯದೆ ಒಂದಕ್ಷರವೂ ಓದಲಾಗದ ಮೇಲ್‌ಗಳೂ ಬರುತ್ತವೆ. ಇಡೀ ಆಫರ್ ಲೆಟರೇ ಒಂದು ಚಿತ್ರ. ಸ್ಪ್ಯಾಮ್ ಹಿಡಿಯುವ ಪ್ರೋಗ್ರಾಂ ಅಕ್ಷರ ಓದಬಾರದೆಂದು ಹೀಗೆ ಮಾಡುವವರಿದ್ದಾರೆ. ಕೆಲವು ಟ್ರಾವೆಲ್ಸ್‌ನವರೂ ಫ್ಲೈಟ್ ಸಮಯ ಬದಲಾದ ಸುದ್ದಿಯನ್ನು ಬಣ್ಣದ ಪೋಸ್ಟರ್ ಮಾಡಿ ಕಳಿಸುತ್ತಾರೆ, ಎರಡು ಸಾಲು ಟೈಪ್ ಮಾಡಲು ಅವರಿಗೇನು ಕಷ್ಟವೋ. ಅಂಥದ್ದು ಬಂದರೆ ಚಿತ್ರ ಒತ್ತುವ ಬದಲು ನಾನು ಫೋನ್ ಮಾಡಿ ಕೇಳುತ್ತೇನೆ.

ಆ ಹುಡುಗನ ಮೇಲ್‌ನಲ್ಲಿ @ ನಂತರ ಇದ್ದದ್ದು ಕಂಪನಿಯ ಹೆಸರಲ್ಲ, ಯಾರು ಬೇಕಾದರೂ ಪುಕ್ಕಟೆ ತೆಗೆಯಬಹುದಾದ ಒಂದು ಮೇಲ್ ಸರ್ವಿಸ್. ತೋರಿಸಿದಾಗ ಸುಮ್ಮನೆ ಕೂತ. 850 ರಿಯಾಲ್ ಕೈಯಲ್ಲೇ ಉಳಿಯಿತು. ಮೂರನೇ ಮೇಲ್ ಮೊನ್ನೆ ಬಂದಿದೆ. ಅದನ್ನು ತೆರೆದದ್ದು ಹೌದು, ಆದರೆ ಚೌಕಗಳು ಖಾಲಿಯೇ ಇದ್ದವು.