ಅಡಿಬರಹದ ಕತ್ತರಿ ಮತ್ತು ಕಾನೂನಿನ ಮಾತು

ಶಾಲೆಯ ಪೋಷಕರ ಸಭೆಗಾಗಿ ಹಕ್ಕುಗಳ ಕುರಿತು ವಿಡಿಯೋ ಮುದ್ರಿಸುವ ರೂಢಿ ನಮ್ಮ ಗಡಿಭಾಗಗಳಲ್ಲಿಯೂ ಬೆಳೆಯುತ್ತಿದೆ. ಸ್ಲೈಡಿನಲ್ಲಿರುವ ವಾಕ್ಯವನ್ನೇ ಕೆಳಗಿನ ಅಡಿಬರಹಕ್ಕೆ ಇಳಿಸುವಾಗ ಅದನ್ನು ಕತ್ತರಿಸಲೇಬೇಕಾಗುತ್ತದೆ. ಯಾವುದನ್ನು ಕತ್ತರಿಸಬಹುದೆಂಬುದೇ ಇಲ್ಲಿನ ಪ್ರಶ್ನೆ.

ಒಮ್ಮೆಗೆ ಎರಡು ಸಾಲು, ಸಾಲಿಗೆ 42 ಅಕ್ಷರಚಿಹ್ನೆ, ಪರದೆಯ ಮೇಲೆ ಹೆಚ್ಚೆಂದರೆ 7 ಸೆಕೆಂಡು: ಇದು ಅಡಿಬರಹದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಅಳತೆ. ಕನ್ನಡಕ್ಕೆ ಇದು ತೋರುವುದಕ್ಕಿಂತ ಬಿಗಿಯಾದುದು. ನಮ್ಮ ಕಣ್ಣಿಗೆ ‘ರಾಷ್ಟ್ರ’ ಎಂಬುದು ಎರಡೇ ಅಕ್ಷರ. ಆದರೆ ಸ್ವರಚಿಹ್ನೆ, ಒತ್ತು, ವಿರಾಮಗಳನ್ನೆಲ್ಲ ಬಿಡಿಬಿಡಿಯಾಗಿ ಎಣಿಸುವ ತಂತ್ರಾಂಶಕ್ಕೆ ಅದು ಏಳು.

ಸಂವಿಧಾನಕ್ಕೆ 1956ರ ಏಳನೆಯ ತಿದ್ದುಪಡಿಯಿಂದ ಸೇರಿದ 350ಎ ಅನುಚ್ಛೇದವನ್ನು ತೆಗೆದುಕೊಳ್ಳೋಣ. ಸ್ಲೈಡಿನಲ್ಲಿ ಹೀಗಿದೆಯೆನ್ನಿ: “ಸಂವಿಧಾನದ 350ಎ ಅನುಚ್ಛೇದದ ಪ್ರಕಾರ ಪ್ರತಿಯೊಂದು ರಾಜ್ಯವೂ ಅದರೊಳಗಿನ ಪ್ರತಿಯೊಂದು ಸ್ಥಳೀಯ ಪ್ರಾಧಿಕಾರವೂ ಭಾಷಾ ಅಲ್ಪಸಂಖ್ಯಾತ ವರ್ಗಗಳ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ನೀಡಲು ಸಾಕಷ್ಟು ಸೌಲಭ್ಯಗಳನ್ನು ಒದಗಿಸಲು ಪ್ರಯತ್ನಿಸತಕ್ಕದ್ದು.” ಇದು 210 ಚಿಹ್ನೆಗಳನ್ನು ದಾಟುತ್ತದೆ, ಎರಡು ಅಡಿಬರಹಗಳಲ್ಲಿ ಹಿಡಿಸುವುದು 168 ಮಾತ್ರ.

ಅವಸರದ ಕತ್ತರಿ ಇದನ್ನು “ಸರಕಾರ ಮಾತೃಭಾಷಾ ಶಿಕ್ಷಣ ನೀಡತಕ್ಕದ್ದು” ಎಂದು ಒಂದೇ ಸಾಲಿಗೆ ಇಳಿಸೀತು. ಓದಲು ಸೊಗಸು, ಕಾನೂನಿನಲ್ಲಿ ತಪ್ಪು. ಅನುಚ್ಛೇದ ವಿಧಿಸಿರುವುದು ಪ್ರಯತ್ನವನ್ನು, ಅದೂ ಪ್ರಾಥಮಿಕ ಹಂತಕ್ಕೆ. ಈ ಸಾಲನ್ನು ನಂಬಿ ಕಾಸರಗೋಡಿನಲ್ಲಾಗಲಿ ಅಕ್ಕಲಕೋಟೆಯಲ್ಲಾಗಲಿ ಪೋಷಕರೊಬ್ಬರು ಒಂಬತ್ತನೆಯ ತರಗತಿಗಾಗಿ ಇದೇ ಅನುಚ್ಛೇದವನ್ನು ಆಧರಿಸಿ ಅರ್ಜಿ ಬರೆದರೆ, ಅಧಿಕಾರಿಗೆ ಅದನ್ನು ತಿರಸ್ಕರಿಸಲು ಒಂದು ನಿಮಿಷ ಸಾಕು.

ಆದ್ದರಿಂದ ಮೊದಲು ಉಳಿಸಬೇಕಾದ ಪದಗಳಿಗೆ ಗೆರೆ ಎಳೆಯಬೇಕು: ಯಾರ ಮಕ್ಕಳಿಗೆ, ಯಾವ ಹಂತದಲ್ಲಿ, ಯಾರ ಕರ್ತವ್ಯ, ಎಂತಹ ಕರ್ತವ್ಯ. ಅನುಚ್ಛೇದದ ಸಂಖ್ಯೆ ಸ್ಲೈಡಿನ ತಲೆಬರಹದಲ್ಲಿ ಕಾಣುತ್ತಲೇ ಇರುವುದರಿಂದ ಕೆಳಗೆ ಬೇಡ. ‘ಅದರೊಳಗಿನ’, ‘ವರ್ಗಗಳ’, ಎರಡು ‘ಪ್ರತಿಯೊಂದು’ ಹೋಗಬಹುದು. ‘ಶಿಕ್ಷಣ ನೀಡಲು’ ಎಂಬುದು ‘ಶಿಕ್ಷಣಕ್ಕೆ’ ಆಗಬಹುದು. ಉಳಿಯುವುದು:

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ
ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣಕ್ಕೆ

ರಾಜ್ಯವೂ ಸ್ಥಳೀಯ ಪ್ರಾಧಿಕಾರವೂ
ಸಾಕಷ್ಟು ಸೌಲಭ್ಯ ಒದಗಿಸಲು ಪ್ರಯತ್ನಿಸತಕ್ಕದ್ದು.

ಕೊನೆಯ ಸಾಲು 41 ಚಿಹ್ನೆಗಳದು. ಇಲ್ಲಿ ‘ಸಾಕಷ್ಟು’ ಎಂಬುದನ್ನು ತೆಗೆಯುವ ಆಸೆ ಹುಟ್ಟುತ್ತದೆ, ತೆಗೆಯಬಾರದು. ಶಿಕ್ಷಕರಿಲ್ಲದ ಕೊಠಡಿಯೊಂದನ್ನು ತೋರಿಸಿ ಸೌಲಭ್ಯ ಕೊಟ್ಟಿದ್ದೇವೆ ಎನ್ನುವವರಿಗೆ ಉತ್ತರ ಆ ಪದದಲ್ಲಿಯೇ ಇದೆ. ಸಾಲು ಮುರಿಯುವುದೂ ಅರ್ಥ ಮುಗಿದಲ್ಲಿಯೇ ಆಗಬೇಕು. ‘ಒದಗಿಸಲು’ ಮೇಲೆ, ‘ಪ್ರಯತ್ನಿಸತಕ್ಕದ್ದು’ ಮುಂದಿನ ಅಡಿಬರಹದಲ್ಲಿ ಎಂದಾದರೆ ಎರಡರ ನಂಟು ಕಡಿಯುತ್ತದೆ.

ಈ ಕೆಲಸವನ್ನೆಲ್ಲ ಧ್ವನಿಮುದ್ರಣಕ್ಕೆ ಮುನ್ನವೇ ಮುಗಿಸುವುದು ಲೇಸು. ಕತ್ತರಿಸಿದ ವಾಕ್ಯವನ್ನೇ ಓದಿದರೆ ಕಿವಿಗೆ ಒಂದು, ಕಣ್ಣಿಗೆ ಇನ್ನೊಂದು ಎಂಬ ಗೊಂದಲವಿರುವುದಿಲ್ಲ. ಗಟ್ಟಿಯಾಗಿ ಓದಿ ನೋಡಿದಾಗ ಒಂದು ಅಡಿಬರಹ 7 ಸೆಕೆಂಡು ಮೀರಿದರೆ ಅದನ್ನು ಎರಡಾಗಿ ಒಡೆಯಬೇಕೇ ಹೊರತು ಇನ್ನೊಂದು ಪದವನ್ನು ಬಲಿಕೊಡಬಾರದು. ಸ್ಲೈಡಿನ ಕೆಳಭಾಗವನ್ನು ಖಾಲಿ ಬಿಡುವುದನ್ನೂ ಮರೆಯಬಾರದು. ಇಲ್ಲವಾದರೆ ಅಡಿಬರಹವು ಮೂಲ ವಾಕ್ಯದ ಮೇಲೆಯೇ ಕುಳಿತುಬಿಡುತ್ತದೆ.