ಒಂದೇ ವಿಮಾನ, ಹಲವು ದರ

ದಸರೆಯ ರಜೆಗೆ ನಾಗಲದಿನ್ನೆಯ ನಾಲ್ವರ ಕುಟುಂಬವೊಂದು ಓರ್ವಕಲ್ಲಿನ ಕರ್ನೂಲು ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಹೊರಟಿದೆ ಎಂದು ಭಾವಿಸೋಣ. ತಂದೆ ಬೆಳಿಗ್ಗೆ ಮೊಬೈಲಿನಲ್ಲಿ ತಮ್ಮೊಬ್ಬರಿಗೇ ಹುಡುಕಿದಾಗ ದರ 2,800 ರೂಪಾಯಿ. ಸಂಜೆ ಮಡದಿ ಮಕ್ಕಳನ್ನೂ ಸೇರಿಸಿ ಹುಡುಕಿದರೆ ತಲೆಗೆ 3,600. ಬೆಳಿಗ್ಗೆ ನೋಡಿದ್ದನ್ನು ಕಂಪನಿ ಗುರುತಿಟ್ಟುಕೊಂಡು ದರ ಏರಿಸಿತೆಂದು ಮನೆಯವರೆಲ್ಲ ತೀರ್ಮಾನಿಸುತ್ತಾರೆ. ಈ ಅಂಕಿಗಳು ಉದಾಹರಣೆಗಾಗಿ ಮಾತ್ರ. ಆದರೆ ಇಂತಹ ಸಂದೇಹ ಎಲ್ಲೆಡೆಯೂ ಇದೆ. ಕಾರಣ ಬಹುಪಾಲು ಬೇರೆಯೇ ಆಗಿರುತ್ತದೆ.

ವಿಮಾನದ ಆಸನಗಳೆಲ್ಲ ಒಂದೇ ಬೆಲೆಗೆ ಮಾರಾಟವಾಗುವುದಿಲ್ಲ. ಕಂಪನಿಯು ಅವುಗಳನ್ನು ಹಲವು ದರಶ್ರೇಣಿಗಳಾಗಿ ವಿಂಗಡಿಸಿ, ಪ್ರತಿಯೊಂದು ಶ್ರೇಣಿಯಲ್ಲೂ ಇಂತಿಷ್ಟು ಆಸನಗಳೆಂದು ಇಡುತ್ತದೆ. ಅಗ್ಗದ ಶ್ರೇಣಿ ಮುಗಿದೊಡನೆ ಮುಂದಿನದು ಕಾಣಿಸುತ್ತದೆ. ಮಾರಾಟ ಮಂದವಾದರೆ ಕೆಳಗಿನ ಶ್ರೇಣಿಗೆ ಮತ್ತೆ ಕೆಲವು ಆಸನಗಳನ್ನು ಸೇರಿಸುವುದೂ ಉಂಟು. ಯಾರೋ ಹಣ ಕಟ್ಟುವ ಹಂತದವರೆಗೆ ಹೋಗಿ ಕೈಬಿಟ್ಟರೆ, ಆವರೆಗೆ ತಡೆದಿಟ್ಟಿದ್ದ ಆಸನ ಕೆಲವು ನಿಮಿಷಗಳಲ್ಲಿ ಹಿಂದಿರುಗಿ ದರ ಇಳಿಯಬಹುದು. ಮಧ್ಯವರ್ತಿ ತಾಣಗಳು ಕೆಲವೊಮ್ಮೆ ಸ್ವಲ್ಪ ಹೊತ್ತಿಗೆ ಮುಂಚಿನ ದರವನ್ನೇ ತೋರಿಸುತ್ತವೆ. ಹಣ ಕಟ್ಟುವಾಗ ನಿಜವಾದ ದರ ಹೊರಬೀಳುತ್ತದೆ.

ನಾಗಲದಿನ್ನೆಯ ಕುಟುಂಬದ ಪ್ರಸಂಗದಲ್ಲಿ ನಡೆದದ್ದು ಇನ್ನೂ ಸರಳ. 2,800ರ ಶ್ರೇಣಿಯಲ್ಲಿ ಉಳಿದದ್ದು ಮೂರೇ ಆಸನ. ನಾಲ್ಕನ್ನು ಒಟ್ಟಿಗೆ ಕೇಳಿದಾಗ ಗಣಕವು ಸಾಮಾನ್ಯವಾಗಿ ನಾಲ್ಕೂ ದೊರೆಯುವ ಶ್ರೇಣಿಯನ್ನೇ ಹುಡುಕಿ, ಎಲ್ಲರಿಗೂ ಅದೇ ದರವನ್ನು ಹಾಕುತ್ತದೆ. ಒಟ್ಟು 14,400 ರೂಪಾಯಿ. ಮೂವರಿಗೆ ಒಂದು ಟಿಕೆಟು, ಒಬ್ಬರಿಗೆ ಇನ್ನೊಂದು ಎಂದು ಬೇರ್ಪಡಿಸಿದರೆ 8,400 ಮತ್ತು 3,600 ಸೇರಿ 12,000, ಉಳಿತಾಯ 2,400. ಇದನ್ನು ಪರೀಕ್ಷಿಸುವ ಬಗೆ ಸುಲಭ: ಮೊದಲು ಒಬ್ಬರಿಗೆ, ಆಮೇಲೆ ಇಬ್ಬರಿಗೆ, ಮೂವರಿಗೆ ಎಂದು ಹುಡುಕುತ್ತ ಹೋದರೆ ತಲೆಗೆ ಬೀಳುವ ದರ ಎಲ್ಲಿ ಜಿಗಿಯುವುದೋ ಅಲ್ಲಿಗೆ ಅಗ್ಗದ ಶ್ರೇಣಿ ಮುಗಿದಿದೆ ಎಂದರ್ಥ. ಆದರೆ ಎರಡು ಟಿಕೆಟು ಮಾಡಿಸಿದವರನ್ನು ಕಂಪನಿ ಒಂದು ಕುಟುಂಬವೆಂದು ಗುರುತಿಸುವುದಿಲ್ಲ. ವಿಮಾನ ರದ್ದಾದರೆ ಇಬ್ಬರಿಗೂ ಬೇರೆ ಬೇರೆ ಸಮಯದ ವಿಮಾನ ಸಿಗಬಹುದು. ಆದ್ದರಿಂದ ಮಕ್ಕಳ ಹೆಸರು ದೊಡ್ಡವರೊಬ್ಬರ ಟಿಕೆಟಿನಲ್ಲೇ ಇರತಕ್ಕದ್ದು.

ದರಶ್ರೇಣಿ ಎಂಬುದು ಕಣ್ಣಿಗೆ ಕಾಣುವಂತಿದ್ದ ನಿದರ್ಶನ ಓರ್ವಕಲ್ಲಿನಲ್ಲೇ ಇತ್ತು. 2021ರ ಮಾರ್ಚ್ 28ರಂದು ಅಲ್ಲಿಂದ ಬೆಂಗಳೂರು, ಚೆನ್ನೈ, ವಿಶಾಖಪಟ್ಟಣಗಳಿಗೆ ಕೇಂದ್ರದ ಉಡಾನ್ ಯೋಜನೆಯಡಿ ವಿಮಾನಗಳು ಆರಂಭವಾದವು. ಯೋಜನೆಯ ಪ್ರಕಾರ ಸುಮಾರು ಅರ್ಧದಷ್ಟು ಆಸನಗಳಿಗೆ ಮಾತ್ರ ಸರ್ಕಾರ ಗರಿಷ್ಠ ದರವನ್ನು ಗೊತ್ತುಪಡಿಸುತ್ತದೆ. ಮಿಕ್ಕವು ಪೇಟೆಯ ದರಕ್ಕೆ. ಈ ಸಹಾಯವೂ ಒಂದು ಮಾರ್ಗಕ್ಕೆ ಮೂರು ವರ್ಷಗಳ ಮಟ್ಟಿಗೆ. ಉಡಾನ್ ಎಂದೊಡನೆ ಎಲ್ಲ ಟಿಕೆಟುಗಳೂ ಎಂದೆಂದಿಗೂ ಅಗ್ಗವೆಂದು ನಂಬಿದವರಿಗೆ ನಿರಾಶೆಯಾದದ್ದು ಇದರಿಂದಲೇ. ಚಿಕ್ಕ ವಿಮಾನವಾದರಂತೂ ಅಗ್ಗದ ಆಸನಗಳ ಸಂಖ್ಯೆಯೇ ಕಡಿಮೆ. ಮದುವೆಗೆ ಹೊರಟ ಒಂದೇ ಗುಂಪು ಅವನ್ನು ಬರಿದು ಮಾಡಬಲ್ಲದು.

ಹಾಗಾದರೆ ಟಿಕೆಟು ಯಾವಾಗ ಕೊಳ್ಳಬೇಕು? ಮಂಗಳವಾರ ನಡುರಾತ್ರಿ ಅಗ್ಗ ಎಂಬಂತಹ ಸೂತ್ರಗಳಿಗೆ ಬೆಲೆ ಕೊಡಬೇಕಾಗಿಲ್ಲ. ಹೋಗಬೇಕಾದ ದಿನದ ದರವನ್ನು, ಎರಡು ತಿಂಗಳ ಮುಂದಿನ ಹಬ್ಬವಿಲ್ಲದ ಒಂದು ವಾರದ ಅದೇ ವಾರದಿನದ, ಅದೇ ವಿಮಾನದ ದರದೊಡನೆ ಹೋಲಿಸಬೇಕು. ಆ ದೂರದ ದಿನ ಆಸನಗಳು ಹೆಚ್ಚು ಮಾರಾಟವಾಗಿರುವುದಿಲ್ಲವಾದ್ದರಿಂದ ಅದು ಆ ಮಾರ್ಗದ ತಳದರಕ್ಕೆ ಹತ್ತಿರವಿರುತ್ತದೆ. ತಮ್ಮ ದಿನದ ದರವೂ ಅದರ ಸಮೀಪದಲ್ಲಿದ್ದರೆ ಕಾದು ಗಳಿಸುವುದು ಅತ್ಯಲ್ಪ. ಕೂಡಲೇ ಕೊಳ್ಳುವುದು ಲೇಸು. ಬಹಳ ಮೇಲಿದ್ದು, ಪ್ರಯಾಣಕ್ಕೆ ಇನ್ನೂ ತಿಂಗಳುಗಟ್ಟಲೆ ಸಮಯವಿದ್ದರೆ ಕಾಯಬಹುದು. ಕೊನೆಯ ಎರಡು ವಾರಗಳಲ್ಲಿ ಇಳಿಯುವುದೆಂದು ಕುಳಿತುಕೊಳ್ಳುವುದು ಜೂಜು. ಕಡೆಯ ಗಳಿಗೆಯಲ್ಲಿ ಬರುವವನು ಎಷ್ಟಾದರೂ ಕೊಡುತ್ತಾನೆಂದು ಕಂಪನಿಗೆ ಗೊತ್ತು. ದಸರೆ, ಸಂಕ್ರಾಂತಿ, ಮಂತ್ರಾಲಯದ ಆರಾಧನೆಯ ದಿನಗಳಿಗಾದರೆ ರಜೆಯ ದಿನಾಂಕ ತಿಳಿದ ಕೂಡಲೇ ಕೊಳ್ಳುವುದು ಉತ್ತಮ.

ದರ ಏರಿತೆಂದು ನ್ಯಾಯಾಲಯಕ್ಕೆ ಹೋಗುವಂತಿಲ್ಲ. 1994ರಲ್ಲಿ ಏರ್ ಕಾರ್ಪೊರೇಷನ್ಸ್ ಕಾಯಿದೆ ರದ್ದಾದ ಮೇಲೆ ದರ ನಿರ್ಧಾರ ಸಾಮಾನ್ಯವಾಗಿ ಕಂಪನಿಗಳದ್ದೇ. ಕೊರೋನಾ ಕಾಲದಲ್ಲಿ, 2020ರ ಮೇ ತಿಂಗಳಿಂದ 2022ರ ಆಗಸ್ಟ್ ಕೊನೆಯವರೆಗೆ, ಸರ್ಕಾರ ಹಾಕಿದ ಮಿತಿ ಒಂದು ಅಪವಾದ. ಆದರೆ ಕೊಂಡ ಮೇಲೆ ಪ್ರಯಾಣಿಕನಿಗೆ ಒಂದು ಹಕ್ಕಿದೆ. ನಾಗರಿಕ ವಿಮಾನಯಾನ ಸಚಿವಾಲಯ 2019ರಲ್ಲಿ ಹೊರತಂದ ಪ್ರಯಾಣಿಕರ ಸನ್ನದಿನಂತೆ, ಪ್ರಯಾಣಕ್ಕೆ ಏಳು ದಿನಗಳಿಗಿಂತ ಹೆಚ್ಚು ಕಾಲವಿದ್ದರೆ, ಕೊಂಡ 24 ಗಂಟೆಗಳೊಳಗೆ ಶುಲ್ಕವಿಲ್ಲದೆ ರದ್ದು ಮಾಡಬಹುದು. ಈಗ ಅನ್ವಯಿಸುವ ಅವಧಿ ಎಷ್ಟೆಂಬುದನ್ನು ಟಿಕೆಟಿನ ಷರತ್ತುಗಳಲ್ಲಿ ಓದಿಕೊಳ್ಳಬೇಕು. ಕಂಪನಿಯ ತಾಣದಲ್ಲೇ ನೇರವಾಗಿ ಕೊಂಡರೆ ಈ ಹಕ್ಕು ಚಲಾಯಿಸಲು ತೊಡಕು ಕಡಿಮೆ. ಮರುದಿನ ದರ ಇಳಿದಿದ್ದರೆ ಹೊಸ ಟಿಕೆಟು ಕೈಗೆ ಬಂದ ನಂತರವೇ ಹಳೆಯದನ್ನು ರದ್ದು ಮಾಡುವುದು ಕ್ಷೇಮ.